ಅಂದಾಜಿನ ಪಕ್ಕದ ಐಗನ್ ಮೌಲ್ಯ

ಎರಡು ಗೋಡೆಗಳ ನಡುವೆ ಒಂದೇ ಸಾಲಿನಲ್ಲಿ ಮೂರು ಗುಂಡುಗಳನ್ನು ನಾಲ್ಕು ಸ್ಪ್ರಿಂಗುಗಳಿಂದ ಕಟ್ಟಿದ್ದೇವೆ ಎನ್ನಿ. ಗುಂಡುಗಳ ತೂಕ ಒಂದೇ, ಸ್ಪ್ರಿಂಗುಗಳ ಬಿಗಿಯೂ ಒಂದೇ. ಲೆಕ್ಕಕ್ಕೆ ಎರಡನ್ನೂ 1 ಎಂದಿಟ್ಟುಕೊಳ್ಳೋಣ. ಈ ಸಾಲು ಕಂಪಿಸುವ ಬಗೆಗಳೆಲ್ಲ ಒಂದು ಪುಟ್ಟ ಮ್ಯಾಟ್ರಿಕ್ಸ್‌ನಲ್ಲಿ ಅಡಗಿವೆ:

```
     2  -1   0
A = -1   2  -1
     0  -1   2
```

ಮೂರೂ ಗುಂಡುಗಳು ಒಂದೇ ಲಯದಲ್ಲಿ ಆಡಬೇಕಾದರೆ ಅವುಗಳ ಸ್ಥಾನಪಲ್ಲಟದ ವೆಕ್ಟರ್ v ಒಂದು ನಿಯಮಕ್ಕೆ ಒಳಪಡಬೇಕು: A ಯಿಂದ ಗುಣಿಸಿದರೂ ಅದರ ದಿಕ್ಕು ಬದಲಾಗಬಾರದು, ಉದ್ದ ಮಾತ್ರ λ ಪಟ್ಟು ಆಗಬೇಕು. ಆ λ ಐಗನ್ ಮೌಲ್ಯ, ಆ v ಐಗನ್ ವೆಕ್ಟರ್. ಇಲ್ಲಿ λ ಎಂದರೆ ಕೋನೀಯ ಆವರ್ತನದ ವರ್ಗ. ಈಗ ಪಕ್ಕದಲ್ಲೊಂದು ಮೋಟಾರು ತಿರುಗುತ್ತಿದೆ, ಅದರ ಆವರ್ತನದ ವರ್ಗ 0.5ರ ಆಸುಪಾಸಿನಲ್ಲಿದೆ ಎಂದುಕೊಳ್ಳಿ. ಎಂಜಿನಿಯರಿಗೆ ಬೇಕಾದದ್ದು ಇಷ್ಟೇ: 0.5ಕ್ಕೆ ತೀರ ಹತ್ತಿರ ಇರುವ ಸಹಜ ಕಂಪನ ಯಾವುದು? ಉಳಿದವು ಎಲ್ಲಿದ್ದರೂ ಅವರಿಗೆ ಚಿಂತೆಯಿಲ್ಲ.

1944ರಲ್ಲಿ ಜರ್ಮನಿಯ ಗಣಿತಜ್ಞ ಹೆಲ್ಮುಟ್ ವೀಲಾಂಟ್ ಇಂಥದೇ ಪ್ರಶ್ನೆಗೆ ಉತ್ತರ ಕೊಟ್ಟರು. ಆಗ ಅವರು ಗೋಟಿಂಗೆನ್‌ನಲ್ಲಿ ವಾಯುಬಲ ವಿಜ್ಞಾನದ ಸಂಶೋಧನೆಯಲ್ಲಿದ್ದರು. ವಿಮಾನದ ರೆಕ್ಕೆಗಳ ಅಪಾಯಕಾರಿ ಕಂಪನ ಅಲ್ಲಿನ ದೊಡ್ಡ ತಲೆನೋವಾಗಿತ್ತು. ಅವರ ವಿಧಾನಕ್ಕೆ ಇಂದು ವಿಲೋಮ ಪುನರಾವರ್ತನೆ ಎನ್ನುತ್ತಾರೆ. ನಮ್ಮ ಅಂದಾಜು μ ಎಂದಿಟ್ಟುಕೊಂಡು A ಯ ಕರ್ಣದ ಪ್ರತಿ ಅಂಕಿಯಿಂದ μ ಕಳೆಯಬೇಕು. ಹಾಗೆ ಸಿಕ್ಕ A − μI ಯ ವಿಲೋಮಕ್ಕೆ ಹಳೆಯ ಐಗನ್ ವೆಕ್ಟರುಗಳೇ ಇರುತ್ತವೆ, ಆದರೆ ಐಗನ್ ಮೌಲ್ಯಗಳು 1/(λ − μ) ಆಗುತ್ತವೆ. μ ಗೆ ಅತಿ ಹತ್ತಿರದ λ ಯಾವುದೋ ಅದರ ಛೇದ ಅತಿ ಚಿಕ್ಕದು, ಹಾಗಾಗಿ ಅದರ ಪಾಲು ಅತಿ ದೊಡ್ಡದು. ಒಂದು ವೆಕ್ಟರನ್ನು ಈ ವಿಲೋಮದಿಂದ ಮತ್ತೆ ಮತ್ತೆ ಗುಣಿಸುತ್ತ ಹೋದರೆ, ಬೇಕಾದ ಕಂಪನವೊಂದೇ ಉಬ್ಬಿ ನಿಂತು ಉಳಿದವು ಸೊರಗುತ್ತವೆ.

ಇಲ್ಲಿ ವಿಲೋಮವನ್ನು ಯಾರೂ ನಿಜವಾಗಿ ಕಂಡುಹಿಡಿಯುವುದಿಲ್ಲ. (A − μI)w = v ಎಂಬ ಸಮೀಕರಣಗಳನ್ನು ಬಿಡಿಸಿ w ಪಡೆದರೆ ಸಾಕು, ಗುಣಿಸಿದ ಹಾಗೆಯೇ ಆಯಿತು. ಕಾಗದದ ಮೇಲೆ ಮಾಡಿ ನೋಡೋಣ. μ = 0.5, ಆರಂಭದ ವೆಕ್ಟರ್ (1, 1, 1). ಕರ್ಣದಲ್ಲಿ ಈಗ 2ರ ಬದಲು 1.5 ಇದೆ. ಎಡಬಲ ಎರಡೂ ಒಂದೇ ಆಗಿರುವುದರಿಂದ ಉತ್ತರ (x, y, x) ರೂಪದಲ್ಲಿರುತ್ತದೆ, ಎರಡೇ ಸಮೀಕರಣ ಸಾಕು: 1.5x − y = 1 ಮತ್ತು −2x + 1.5y = 1. ಬಿಡಿಸಿದರೆ x = 10, y = 14. ಬೇಕಾದದ್ದು ದಿಕ್ಕು ಮಾತ್ರವಾದ್ದರಿಂದ (5, 7, 5) ಎಂದು ಇಳಿಸಿಕೊಳ್ಳಬಹುದು. ಇದನ್ನೇ ಬಲಗಡೆ ಇಟ್ಟು ಇನ್ನೊಮ್ಮೆ ಬಿಡಿಸಿದರೆ x = 58, y = 82, ಎಂದರೆ (29, 41, 29).

ಈ ಮ್ಯಾಟ್ರಿಕ್ಸ್‌ನ ನಿಜವಾದ ಉತ್ತರ ನಮಗೆ ಗೊತ್ತಿದೆ: ಐಗನ್ ಮೌಲ್ಯಗಳು 2 − √2, 2 ಮತ್ತು 2 + √2, ಮೊದಲನೆಯದರ ವೆಕ್ಟರ್ (1, √2, 1). ನಮ್ಮ ಕೈಗೆ ಬಂದ 7/5 = 1.4 ಮತ್ತು 41/29 = 1.41379 ಎರಡೂ √2ರ ಕಡೆಗೇ ಹೊರಟಿವೆ. ವೇಗವನ್ನೂ ಮೊದಲೇ ಹೇಳಬಹುದಿತ್ತು. ಈ ಆರಂಭದಲ್ಲಿ ಮಧ್ಯದ ಕಂಪನ ಬೆರೆತಿಲ್ಲ, ಪೈಪೋಟಿ 2 + √2ರದ್ದು ಮಾತ್ರ. ಅದು 0.5ರಿಂದ 2.914 ದೂರ, ನಮಗೆ ಬೇಕಾದದ್ದು 0.0858 ದೂರ. ಭಾಗಿಸಿದರೆ ಸುಮಾರು 34. ಪ್ರತಿ ಸುತ್ತಿನಲ್ಲೂ ವೆಕ್ಟರಿನ ತಪ್ಪು 34ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದಾಜು ಹತ್ತಿರವಾದಷ್ಟೂ ಓಟ ಚುರುಕು.

ವೆಕ್ಟರ್ ಸಿಕ್ಕಿತು, ಮೌಲ್ಯ ಎಲ್ಲಿ? ಅದಕ್ಕೆ ಲಾರ್ಡ್ ರೇಲಿ ಅವರ ಭಾಗಲಬ್ಧವಿದೆ. 1877ರಲ್ಲಿ ಬರತೊಡಗಿದ ಅವರ ಧ್ವನಿಶಾಸ್ತ್ರದ ಗ್ರಂಥದಲ್ಲಿ ಕಂಪನಗಳ ಆವರ್ತನವನ್ನು ಅಳೆಯಲು ಈ ಉಪಾಯ ಬಳಕೆಯಾಗಿದೆ. v ಯನ್ನು Av ಜೊತೆ ಅಂಕಿಗೆ ಅಂಕಿ ಗುಣಿಸಿ ಕೂಡಿಸಿ, v ಯ ವರ್ಗಗಳ ಮೊತ್ತದಿಂದ ಭಾಗಿಸಬೇಕು. (5, 7, 5)ಕ್ಕೆ Av = (3, 4, 3). ಮೇಲೆ 15 + 28 + 15 = 58; ಕೆಳಗೆ 25 + 49 + 25 = 99. ಭಾಗಲಬ್ಧ 58/99 = 0.585858. ನಿಜ ಉತ್ತರ 0.585786. ವೆಕ್ಟರಿನಲ್ಲಿ ನೂರಕ್ಕೆ ಒಂದರಷ್ಟು ತಪ್ಪಿದ್ದರೂ ಮೌಲ್ಯ ನಾಲ್ಕನೆಯ ದಶಾಂಶದವರೆಗೆ ಸರಿ ಬಂದಿದೆ. ಸಮಮಿತ ಮ್ಯಾಟ್ರಿಕ್ಸ್‌ನಲ್ಲಿ ಮೌಲ್ಯದ ತಪ್ಪು ವೆಕ್ಟರಿನ ತಪ್ಪಿನ ವರ್ಗದಷ್ಟು ಚಿಕ್ಕದಾಗಿರುತ್ತದೆ ಎಂಬುದೇ ಈ ಭಾಗಲಬ್ಧದ ಸೊಗಸು.

ಇಷ್ಟು ಒಳ್ಳೆಯ ಮೌಲ್ಯ ಕೈಯಲ್ಲಿರುವಾಗ ಹಳೆಯ 0.5ಕ್ಕೇ ಅಂಟಿಕೊಳ್ಳುವುದೇಕೆ? ಪ್ರತಿ ಸುತ್ತಿನಲ್ಲೂ ಭಾಗಲಬ್ಧವನ್ನೇ ಹೊಸ μ ಮಾಡಿಕೊಂಡರೆ ಅದು ರೇಲಿ ಭಾಗಲಬ್ಧ ಪುನರಾವರ್ತನೆ. (1, 1, 1)ರಿಂದಲೇ ಹೊರಡೋಣ. ಅದರ ಭಾಗಲಬ್ಧ 2/3. ಅದನ್ನು μ ಮಾಡಿ ಬಿಡಿಸಿದರೆ ದಿಕ್ಕು (7, 10, 7), ಹೊಸ ಭಾಗಲಬ್ಧ 58/99. ಅದನ್ನು μ ಮಾಡಿ ಮತ್ತೆ ಬಿಡಿಸಿದರೆ x = −97515, y = −137907; ಇಳಿಸಿ ಬರೆದರೆ (985, 1393, 985). 1393/985 ಎಂಬುದು √2ರ ಪ್ರಸಿದ್ಧ ಭಿನ್ನರಾಶಿಗಳ ಸಾಲಿನಲ್ಲಿ ಬೌಧಾಯನ ಶುಲ್ಬಸೂತ್ರದ 577/408ರ ಮುಂದಿನದು. ಇದರ ಭಾಗಲಬ್ಧ ನಿಜ ಉತ್ತರಕ್ಕೆ ಹದಿಮೂರು ದಶಾಂಶಗಳವರೆಗೆ ಹೊಂದುತ್ತದೆ. ತಪ್ಪುಗಳನ್ನು ಸಾಲಾಗಿ ನೋಡಿ: ಮೊದಲು 0.08, ಆಮೇಲೆ 0.00007, ಆಮೇಲೆ ದಶಾಂಶ ಬಿಂದುವಿನ ನಂತರ ಹದಿಮೂರು ಸೊನ್ನೆ. ಸರಿಯಾದ ಅಂಕಿಗಳ ಎಣಿಕೆ ಸುತ್ತಿಗೆ ಮೂರು ಪಟ್ಟಾಗುತ್ತಿದೆ. ಈ ಘನ ವೇಗವನ್ನು 1950ರ ದಶಕದ ಕೊನೆಯಲ್ಲಿ ಅಲೆಕ್ಸಾಂಡರ್ ಓಸ್ಟ್ರೋವ್ಸ್ಕಿ ತಮ್ಮ ಲೇಖನಮಾಲೆಯಲ್ಲಿ ವಿವರವಾಗಿ ವಿಶ್ಲೇಷಿಸಿದರು. ಮ್ಯಾಟ್ರಿಕ್ಸ್ ಸಮಮಿತವಲ್ಲದಿದ್ದರೆ ಇದೇ ವಿಧಾನದಲ್ಲಿ ಅಂಕಿಗಳು ಸಾಮಾನ್ಯವಾಗಿ ಎರಡು ಪಟ್ಟಾಗುತ್ತವೆ, ಮೂರಲ್ಲ.

ಆ 97515ರಂಥ ದೊಡ್ಡ ಅಂಕಿ ಕಂಡು ಗಾಬರಿಯಾಗುವವರುಂಟು. μ ಐಗನ್ ಮೌಲ್ಯಕ್ಕೆ ಹತ್ತಿರವಾದಂತೆ A − μI ವಿಲೋಮವೇ ಇಲ್ಲದ ಸ್ಥಿತಿಗೆ ಹತ್ತಿರವಾಗುತ್ತದೆ, ಅಂಥ ಸಮೀಕರಣಗಳ ಉತ್ತರವನ್ನು ನಂಬಬಾರದು ಎಂದು ನಮಗೆ ಪಾಠ ಹೇಳಿದ್ದಾರೆ. ಉತ್ತರದಲ್ಲಿ ದೊಡ್ಡ ತಪ್ಪು ಸೇರುವುದು ನಿಜ. ಆದರೆ ಆ ತಪ್ಪು ಯಾವ ದಿಕ್ಕಿನಲ್ಲಿ ಸೇರುತ್ತದೆ ಎಂದು ನೋಡಬೇಕು. ಸಣ್ಣ ತಪ್ಪುಗಳನ್ನೂ ಅದೇ 1/(λ − μ) ಗುಣಿಸುತ್ತದೆ, ಹಾಗಾಗಿ ಅವು ಉಬ್ಬುವುದು ಬೇಕಾದ ಐಗನ್ ವೆಕ್ಟರಿನ ದಿಕ್ಕಿನಲ್ಲೇ. ಉದ್ದ ತಪ್ಪುತ್ತದೆ, ದಿಕ್ಕು ತಪ್ಪುವುದಿಲ್ಲ. ಉದ್ದವನ್ನು ನಾವು ಹೇಗೂ ಎಸೆಯುತ್ತೇವೆ. ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಜಿಮ್ ವಿಲ್ಕಿನ್ಸನ್ ಈ ಮಾತನ್ನು ಬಿಡಿಸಿ ತೋರಿಸಿದವರು.

ಆ ದೊಡ್ಡ ಅಂಕಿ ನಮ್ಮ ಅಳತೆಗೋಲೂ ಹೌದು. (7, 10, 7)ರ ಉದ್ದ ಸುಮಾರು 14.07, ಅದರಿಂದ ಬಂದ w ಯ ಉದ್ದ ಸುಮಾರು 195030. ಉದ್ದ 13860 ಪಟ್ಟು ಬೆಳೆಯಿತು. 1ನ್ನು 13860ರಿಂದ ಭಾಗಿಸಿದರೆ 0.00007: 58/99ರಲ್ಲಿದ್ದ ತಪ್ಪು ಅಷ್ಟೇ. ಸಮಮಿತ ಮ್ಯಾಟ್ರಿಕ್ಸ್‌ಗೆ ಇದು ಖಾತರಿಯ ಮಾತು: ವೆಕ್ಟರ್ ಇಷ್ಟು ಪಟ್ಟು ಬೆಳೆದರೆ, μ ನಿಂದ ಅದರ ವಿಲೋಮದಷ್ಟು ದೂರದೊಳಗೆ ಒಂದಾದರೂ ಐಗನ್ ಮೌಲ್ಯ ಇದ್ದೇ ಇರುತ್ತದೆ. ನಿಜ ಉತ್ತರ ಗೊತ್ತಿಲ್ಲದಾಗಲೂ ಎಷ್ಟು ಹತ್ತಿರ ಬಂದಿದ್ದೇವೆ ಎಂದು ಹೀಗೆ ಹೇಳಬಹುದು. ಬೆಳವಣಿಗೆ ಸಣ್ಣದಾಗಿಯೇ ಉಳಿದರೆ ಲೆಕ್ಕ ಇನ್ನೂ ಮುಗಿದಿಲ್ಲ.

ನಿಜವಾದ ಅಪಾಯ ಬೇರೆ ಕಡೆ ಇದೆ. ರೇಲಿ ಪುನರಾವರ್ತನೆ ನಿಮ್ಮ ಅಂದಾಜನ್ನು ನೆನಪಿಟ್ಟುಕೊಳ್ಳುವುದಿಲ್ಲ. 0.5ರ ಪಕ್ಕದ ಮೌಲ್ಯ ಬೇಕೆಂದು (3, 1, 0)ಯಿಂದ ಹೊರಟಿರಿ ಎನ್ನಿ. ಈ ವೆಕ್ಟರಿನಲ್ಲಿ ನಮಗೆ ಬೇಕಾದ ಕಂಪನದ ಪಾಲೇ ಎಲ್ಲಕ್ಕಿಂತ ಹೆಚ್ಚು, ಕೂದಲೆಳೆಯಷ್ಟಾದರೂ. ಆದರೂ ಅದರ ಭಾಗಲಬ್ಧ 1.4, ಅದು 2ಕ್ಕೆ ಹತ್ತಿರ. ಅಲ್ಲಿಂದ ಮುಂದಿನ ಸುತ್ತುಗಳು 1.49, 1.78, 1.99 ಎಂದು ಹೋಗಿ 2ರಲ್ಲಿ ನಿಲ್ಲುತ್ತವೆ. ಉತ್ತರ ನಿಖರ, ಆದರೆ ಕೇಳಿದ ಪ್ರಶ್ನೆಗೆ ಅಲ್ಲ. ಉದ್ದದ ಬೆಳವಣಿಗೆ ನೋಡಿದರೂ ಇದು ಗೊತ್ತಾಗದು, ಏಕೆಂದರೆ 2 ಕೂಡ ನಿಜವಾದ ಐಗನ್ ಮೌಲ್ಯವೇ. ಬಂದ ಮೌಲ್ಯವನ್ನು ಮೊದಲ ಅಂದಾಜಿನ ಪಕ್ಕದಲ್ಲಿಟ್ಟು ನೋಡುವುದೇ ದಾರಿ.

ಪರಿಹಾರ ಸರಳ. ಅದೇ (3, 1, 0)ಗೆ ಮೊದಲ ಸುತ್ತಿನಲ್ಲಿ μ = 0.5 ಎಂದೇ ಹಿಡಿದು ಬಿಡಿಸಿ. ಉತ್ತರ (14, 18, 12), ಭಾಗಲಬ್ಧ 98/166 = 0.5904. ಒಂದೇ ಸುತ್ತಿಗೆ ಸರಿಯಾದ ನೆರೆಗೆ ಬಂದೆವು. ಇನ್ನು ರೇಲಿಗೆ ಬಿಟ್ಟುಕೊಡಬಹುದು. ಪೈಥಾನ್‌ನಲ್ಲಿ ಇಷ್ಟೇ:

```python
import numpy as np
A = np.array([[2.,-1,0],[-1,2,-1],[0,-1,2]])
v = np.array([3.,1,0]); v /= np.linalg.norm(v)
mu = 0.5
for k in range(3):
    w = np.linalg.solve(A - mu*np.eye(3), v)
    v = w / np.linalg.norm(w)
    mu = v @ A @ v
    print(mu, np.linalg.norm(A @ v - mu*v))
```

ಇನ್ನೊಂದು ಎಚ್ಚರ ಆರಂಭದ ವೆಕ್ಟರಿನದು. ಮಧ್ಯದ ಕಂಪನದ ವೆಕ್ಟರ್ (1, 0, −1). (1, 1, 1)ರಲ್ಲಿ ಅದರ ಲವಲೇಶವೂ ಇಲ್ಲ. ಹಾಗಾಗಿ 1.9 ಎಂಬ ಒಳ್ಳೆಯ ಅಂದಾಜು ಕೊಟ್ಟರೂ ಕಾಗದದ ಲೆಕ್ಕ 2ನ್ನು ಎಂದಿಗೂ ಮುಟ್ಟುವುದಿಲ್ಲ. ಅಂದವಾದ ಸಮಮಿತ ವೆಕ್ಟರಿಗಿಂತ ಯಾದೃಚ್ಛಿಕ ಅಂಕಿಗಳ ವೆಕ್ಟರಿನಿಂದ ಹೊರಡುವುದು ವಾಡಿಕೆಯಾದದ್ದು ಇದಕ್ಕಾಗಿಯೇ.

ಬದಲಾಗದ μ, ರೇಲಿ ಇವೆರಡರಲ್ಲಿ ಯಾವುದನ್ನು ಆರಿಸಬೇಕು ಎಂಬುದು ಖರ್ಚಿನ ಮೇಲೂ ನಿಂತಿದೆ. μ ಬದಲಾಗದಿದ್ದರೆ ಮ್ಯಾಟ್ರಿಕ್ಸನ್ನು ಒಮ್ಮೆ ಅಪವರ್ತಿಸಿ ಇಟ್ಟುಕೊಂಡರಾಯಿತು. ಸಾವಿರ ಸಾಲಿನ ತುಂಬಿದ ಮ್ಯಾಟ್ರಿಕ್ಸ್‌ಗೆ ಆ ಕೆಲಸ ಸುಮಾರು 67 ಕೋಟಿ ಲೆಕ್ಕ. ಆಮೇಲೆ ಪ್ರತಿ ಸುತ್ತಿಗೆ 20 ಲಕ್ಷ ಮಾತ್ರ. ರೇಲಿಯಲ್ಲಿ ಪ್ರತಿ ಸುತ್ತೂ ಹೊಸ ಅಪವರ್ತನ ಬೇಡುತ್ತದೆ. ಕರ್ಣದ ಅಕ್ಕಪಕ್ಕ ಮಾತ್ರ ಅಂಕಿಗಳಿರುವ ನಮ್ಮ ಮ್ಯಾಟ್ರಿಕ್ಸ್‌ನಂಥವುಗಳಲ್ಲಿ ಅಪವರ್ತನವೂ ಅಗ್ಗ, ಅಲ್ಲಿ ಈ ಲೆಕ್ಕಾಚಾರ ಬೇಕಿಲ್ಲ. ಅಂಥ ಮ್ಯಾಟ್ರಿಕ್ಸ್‌ಗಳಿಗೆಂದೇ LAPACK ಗ್ರಂಥಾಲಯದ `dstein` ಇಂದಿಗೂ ವಿಲೋಮ ಪುನರಾವರ್ತನೆಯಿಂದಲೇ ಐಗನ್ ವೆಕ್ಟರುಗಳನ್ನು ಪಡೆಯುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ: ನಂಬುವಂಥ ಅಂದಾಜು ಇದ್ದರೆ ಒಂದೆರಡು ಸುತ್ತು ಅದನ್ನು ಬಿಡದೆ ಹಿಡಿಯಿರಿ, ಭಾಗಲಬ್ಧ ಅದರ ನೆರೆಯಲ್ಲಿ ನೆಲೆಯಾದ ಮೇಲೆ ರೇಲಿಗೆ ಒಪ್ಪಿಸಿ, ಕೊನೆಗೆ ಬಂದ ಮೌಲ್ಯವನ್ನು ಮೊದಲ ಅಂದಾಜಿನೊಂದಿಗೆ ಒಮ್ಮೆ ಹೋಲಿಸಿ.