ಹಿಗ್ಗುವ ಮರಳು, ಕುಗ್ಗುವ ಮರಳು

ಮಲ್ಪೆಗೋ ಕಾರವಾರಕ್ಕೋ ಹೋದಾಗ, ಅಲೆ ಆಗಷ್ಟೇ ಹಿಂದೆ ಸರಿದ ಜಾಗದಲ್ಲಿ ಒಮ್ಮೆ ನಿಧಾನವಾಗಿ ಹೆಜ್ಜೆ ಊರಿ ನೋಡಿ. ನೀರಿನಿಂದ ಮಿರುಗುತ್ತಿದ್ದ ಮರಳು ಪಾದದ ಸುತ್ತ ತಟ್ಟನೆ ಬಿಳಿಚಿಕೊಂಡು ಒಣಗಿದಂತಾಗುತ್ತದೆ. ಒದ್ದೆ ಬಟ್ಟೆ ಹಿಂಡಿದರೆ ನೀರು ಹೊರಗೆ ಬರುತ್ತದೆ. ಮರಳನ್ನು ತುಳಿದರೆ ನೀರು ಒಳಗೆ ಹೋಗುತ್ತದೆ! ಕಾಲನ್ನು ಅಲ್ಲಾಡಿಸದೆ ಒಂದು ಕ್ಷಣ ನಿಂತರೆ ಸುತ್ತಲಿನ ನೀರು ಹರಿದು ಬಂದು ಜಾಗ ಮತ್ತೆ ಮಿರುಗುತ್ತದೆ. ಕಾಲೆತ್ತಿದರೆ ಹೆಜ್ಜೆಯ ಗುರುತಿನಲ್ಲಿ ನೀರು ನಿಂತಿರುತ್ತದೆ.

ಇದರ ಕಾರಣವನ್ನು 1885ರಲ್ಲಿ ಬಿಡಿಸಿ ಹೇಳಿದವರು ಇಂಗ್ಲೆಂಡಿನ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್. ಅಲೆಗಳು ಬಡಿದು ಬಡಿದು ತೀರದ ಮರಳು ಒತ್ತಾಗಿ ಕೂತಿರುತ್ತದೆ. ಪ್ರತಿ ಕಾಳೂ ಕೆಳಗಿನ ಕಾಳುಗಳ ನಡುವಿನ ಗುಳಿಯಲ್ಲಿ ನೆಲೆ ಕಂಡುಕೊಂಡಿರುತ್ತದೆ. ನಾವು ತುಳಿದಾಗ ಕಾಳುಗಳು ಪಕ್ಕಕ್ಕೆ ಸರಿಯಲೇಬೇಕು. ಸರಿಯಬೇಕಾದರೆ ಒಂದು ಇನ್ನೊಂದರ ಮೇಲೆ ಹತ್ತಬೇಕು. ಹತ್ತಿದಾಗ ನಡುವಿನ ಸಂದುಗಳು ದೊಡ್ಡದಾಗುತ್ತವೆ, ಮೇಲೆ ನಿಂತಿದ್ದ ನೀರು ಆ ಸಂದುಗಳಿಗೆ ಇಳಿಯುತ್ತದೆ. ಹೀಗೆ ತಳ್ಳಿದಾಗ ಮರಳು ಹಿಗ್ಗುವ ಗುಣಕ್ಕೆ ರೆನಾಲ್ಡ್ಸ್ 'ಡೈಲೇಟನ್ಸಿ' ಎಂದು ಹೆಸರಿಟ್ಟರು.

ಆದರೆ ಎಲ್ಲ ಮರಳೂ ಹಿಗ್ಗುವುದಿಲ್ಲ. ಪಾವಿನಲ್ಲಿ ಅಕ್ಕಿ ಅಳೆಯುವುದನ್ನು ನೆನಪಿಸಿಕೊಳ್ಳಿ. ಮೆಲ್ಲಗೆ ಸುರಿದು ತುಂಬಿಸಿದ ಪಾವನ್ನು ಒಂದೆರಡು ಸಲ ನೆಲಕ್ಕೆ ಕುಟ್ಟಿದರೆ ಅಕ್ಕಿ ಕೆಳಗಿಳಿದು ಮೇಲೆ ಜಾಗವಾಗುತ್ತದೆ. ಸಡಿಲವಾಗಿ ಸುರಿದ ಮರಳೂ ಹಾಗೆಯೇ. ಕಾಳುಗಳು ಅರೆಬರೆ ಆಸರೆಯಲ್ಲಿ ನಿಂತಿರುತ್ತವೆ, ಸ್ವಲ್ಪ ತಳ್ಳಿದರೂ ಜಾರಿ ಪಕ್ಕದ ಸಂದಿಗೆ ಬೀಳುತ್ತವೆ. ಅದು ಕುಗ್ಗುವ ಮರಳು. ಒಂದೇ ಹೊಳೆಯ ಒಂದೇ ಮರಳು ಹೇಗೆ ಕೂತಿದೆ ಎಂಬುದರ ಮೇಲೆ ಹಿಗ್ಗಲೂಬಹುದು, ಕುಗ್ಗಲೂಬಹುದು.

ಸಿವಿಲ್ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಲು ಒಂದು ಸರಳ ಉಪಕರಣವಿದೆ, ಶಿಯರ್ ಬಾಕ್ಸ್. ಅಂಗೈಯಗಲದ ಚೌಕಾಕಾರದ ಲೋಹದ ಪೆಟ್ಟಿಗೆ ಅದು, ನಡುವಿನಲ್ಲಿ ಅಡ್ಡಲಾಗಿ ಎರಡು ಭಾಗ. ಒಳಗೆ ಮರಳು ತುಂಬಿ ಮುಚ್ಚಳದ ಮೇಲೆ ಭಾರ ಹೇರಿ, ಒಂದು ಭಾಗವನ್ನು ಹಿಡಿದು ಇನ್ನೊಂದನ್ನು ಪಕ್ಕಕ್ಕೆ ತಳ್ಳುತ್ತಾ ಹೋಗುತ್ತಾರೆ. ತಳ್ಳಲು ಬೇಕಾದ ಬಲವನ್ನು ಒಂದು ಡಯಲ್ ತೋರಿಸಿದರೆ, ಮುಚ್ಚಳ ಏರಿತೋ ಇಳಿಯಿತೋ ಎಂಬುದನ್ನು ಇನ್ನೊಂದು ಡಯಲ್ ತೋರಿಸುತ್ತದೆ. ನನ್ನ ಕಣ್ಣು ಯಾವಾಗಲೂ ಎರಡನೆಯ ಮುಳ್ಳಿನ ಮೇಲೆಯೇ ಇರುತ್ತಿತ್ತು. ಕುಟ್ಟಿ ಕೂರಿಸಿದ ಮರಳಿನಲ್ಲಿ ಆ ಮುಳ್ಳು ಮೊದಲು ಕೂದಲೆಳೆಯಷ್ಟು ಕೆಳಗಿಳಿದು, ಆಮೇಲೆ ದಿಕ್ಕು ಬದಲಿಸಿ ಒಂದೇ ಸಮನೆ ಮೇಲೇರತೊಡಗುತ್ತದೆ. ಹೇರಿದ ಅಷ್ಟೂ ಭಾರವನ್ನು ಮರಳು ಎತ್ತುತ್ತಿರುತ್ತದೆ.

ಒಂದು ಲೆಕ್ಕ ಹಾಕೋಣ. ಮುಚ್ಚಳದ ಮೇಲೆ 100 ಕಿಲೋ ಭಾರವಿದೆ ಎನ್ನಿ. ಸಡಿಲ ಮರಳನ್ನು ತಳ್ಳುತ್ತಾ ಹೋದರೆ ಬಲ ನಿಧಾನವಾಗಿ ಏರಿ ಸುಮಾರು 65 ಕಿಲೋಗೆ ಬಂದು ನಿಲ್ಲುತ್ತದೆ. ಇದು ಕಾಳುಗಳ ನಡುವಿನ ತಿಕ್ಕಾಟದ ಪಾಲು. ಒತ್ತಾಗಿ ಕೂತ ಮರಳಿನಲ್ಲಿ, ಒಂದು ಮಿಲಿಮೀಟರ್ ಪಕ್ಕಕ್ಕೆ ಜರುಗುವಾಗ ಮುಚ್ಚಳ 0.2 ಮಿಲಿಮೀಟರ್ ಏರುತ್ತಿದೆ ಎಂದುಕೊಳ್ಳಿ. 100 ಕಿಲೋವನ್ನು ಅಷ್ಟು ಎತ್ತುವ ಕೆಲಸವನ್ನೂ ತಳ್ಳುವವನೇ ಮಾಡಬೇಕು. ಅದಕ್ಕೆ ಹೆಚ್ಚುವರಿ 20 ಕಿಲೋ ಬಲ. ಒಟ್ಟು 85. ಒತ್ತು ಮರಳಿನ ಹೆಚ್ಚಿನ ಶಕ್ತಿಗೆ ಕಾಳುಗಳ ಮಧ್ಯೆ ಬೇರೆ ಯಾವ ಅಂಟೂ ಕಾರಣವಲ್ಲ, ಭಾರ ಎತ್ತಬೇಕಾದ ಆ ಅನಿವಾರ್ಯತೆಯೇ ಕಾರಣ.

ಆದರೆ ಎಷ್ಟೆಂದು ಹಿಗ್ಗೀತು? ಜರುಗುತ್ತಾ ಹೋದಂತೆ ಕಾಳುಗಳು ಸಡಿಲಗೊಂಡು ಹತ್ತುವ ಕೆಲಸ ಮುಗಿಯುತ್ತದೆ. ಮುಳ್ಳು ನಿಲ್ಲುತ್ತದೆ, 85ಕ್ಕೆ ಏರಿದ್ದ ಬಲ ಇಳಿದು 65ಕ್ಕೆ ಬರುತ್ತದೆ. ಅತ್ತ ಸಡಿಲ ಮರಳು ಕುಗ್ಗುತ್ತಾ ಬಂದು ಅದೂ ನಿಂತಿರುತ್ತದೆ, ಅದೇ 65ರಲ್ಲಿ. ಈಗ ಎರಡೂ ಮರಳಿನ ಜರುಗುವ ಪದರದಲ್ಲಿ ಸಂದುಗಳ ಪ್ರಮಾಣ ಒಂದೇ. ಇನ್ನು ಎಷ್ಟು ತಳ್ಳಿದರೂ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ, ಬಲವೂ ಬದಲಾಗುವುದಿಲ್ಲ. ಈ ನೆಲೆಯೇ ಕ್ರಿಟಿಕಲ್ ಸ್ಟೇಟ್. ಆರಂಭದಲ್ಲಿ ಮರಳು ಹೇಗೆ ಕೂತಿತ್ತು ಎಂಬ ನೆನಪನ್ನೇ ಅದು ಇಲ್ಲಿ ಕಳೆದುಕೊಳ್ಳುತ್ತದೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಆರ್ಥರ್ ಕಾಸಗ್ರಾಂಡೆ 1936ರಲ್ಲಿ ಈ ಸಮಾನ ನೆಲೆಯನ್ನು ಗುರುತಿಸಿ ಬರೆದರು. 1958ರಲ್ಲಿ ಕೇಂಬ್ರಿಜ್‌ನ ರಾಸ್ಕೋ, ಸ್ಕೋಫೀಲ್ಡ್ ಮತ್ತು ರಾತ್ ಅದನ್ನು ಮರಳು, ಜೇಡಿ ಎರಡಕ್ಕೂ ಹೊಂದುವ ಸಿದ್ಧಾಂತವಾಗಿ ಬೆಳೆಸಿದರು. ಇದರಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಒಂದು ಮಾತಿದೆ: ಕ್ರಿಟಿಕಲ್ ಸ್ಟೇಟಿನ ಸಂದುಗಳ ಪ್ರಮಾಣ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ. ಮೇಲಿನ ಭಾರ ಹೆಚ್ಚಿದಷ್ಟೂ ಕಾಳುಗಳು ಒಂದರ ಮೇಲೊಂದು ಹತ್ತಲು ಹೆಣಗುತ್ತವೆ, ಹಾಗಾಗಿ ಆ ನೆಲೆ ಇನ್ನಷ್ಟು ಒತ್ತಾದ ಕಡೆಗೆ ಸರಿಯುತ್ತದೆ. ಉದಾಹರಣೆಗೆ, ಒಂದು ಮರಳಿನಲ್ಲಿ ಕಾಳುಗಳ ಗಾತ್ರ 1 ಆದರೆ ಸಂದುಗಳ ಗಾತ್ರ 0.70 ಇದೆ ಎನ್ನಿ. ನೆಲದ ಮೇಲ್ಭಾಗದಲ್ಲಿ ಅದರ ಕ್ರಿಟಿಕಲ್ ಪ್ರಮಾಣ 0.75 ಇದ್ದರೆ ಅಲ್ಲಿ ಅದು ಒತ್ತು ಮರಳು, ಹಿಗ್ಗುತ್ತದೆ. ಅರವತ್ತು ಮೀಟರ್ ಆಳದಲ್ಲಿ ಆ ಪ್ರಮಾಣ 0.65ಕ್ಕೆ ಇಳಿದಿದ್ದರೆ, ಅದೇ 0.70ರ ಮರಳು ಅಲ್ಲಿ ಸಡಿಲ ಮರಳು, ಕುಗ್ಗುತ್ತದೆ. ಕೈಯಲ್ಲಿ ಹಿಡಿದು ನೋಡಿ ಮರಳು ಸಡಿಲವೋ ಒತ್ತೋ ಎಂದು ಹೇಳಲು ಬರುವುದಿಲ್ಲ. ಎಷ್ಟು ಭಾರದಡಿ ಇದೆ ಎಂಬುದನ್ನೂ ಕೇಳಬೇಕು.

ಒಣ ಮರಳಾದರೆ ಕುಗ್ಗಿದರೂ ಅಪಾಯ ಕಡಿಮೆ. ಸಂದುಗಳಲ್ಲಿ ನೀರು ತುಂಬಿದಾಗ ಕಥೆ ಬೇರೆ. ಸಡಿಲ ಮರಳು ದಿಢೀರನೆ ಜರುಗಿದಾಗ ಕುಗ್ಗಲು ಹೊರಡುತ್ತದೆ, ಆದರೆ ನೀರು ಹೊರಗೆ ಹೋಗದೆ ಕುಗ್ಗುವಂತಿಲ್ಲ, ಹೋಗಲು ಸಮಯವಿಲ್ಲ. ಆಸರೆ ತಪ್ಪಿದ ಕಾಳುಗಳು ತಮ್ಮ ಹೊರೆಯನ್ನು ನೀರಿನ ಮೇಲೆ ಹಾಕುತ್ತವೆ. 100 ಕಿಲೋದಲ್ಲಿ 90ನ್ನು ನೀರು ಹೊತ್ತರೆ ಕಾಳುಗಳ ನಡುವೆ ಉಳಿಯುವುದು 10 ಮಾತ್ರ. ನೀರಿಗೆ ತಿಕ್ಕಾಟವಿಲ್ಲ. 65 ಕಿಲೋ ತಡೆಯುತ್ತಿದ್ದ ಮರಳು ಆರೂವರೆ ಕಿಲೋಗೇ ಹರಿಯತೊಡಗುತ್ತದೆ. ಒತ್ತು ಮರಳಿನಲ್ಲಿ ಇದಕ್ಕೆ ತಿರುವುಮುರುವು. ಅದು ಹಿಗ್ಗಲು ಹೊರಟು ನೀರನ್ನು ಹೀರುತ್ತದೆ, ಆ ಸೆಳೆತ ಕಾಳುಗಳನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಕಡಲತೀರದಲ್ಲಿ ನಮ್ಮ ಹೆಜ್ಜೆಯಡಿಯ ಮರಳು ಅಷ್ಟು ಗಟ್ಟಿ ಎನಿಸುವುದು ಇದರಿಂದಲೇ.

ಈಗ ಅಮೆರಿಕದ ಮೊಂಟಾನಾಗೆ ಹೋಗೋಣ. ಮಿಸೌರಿ ನದಿಗೆ ಅಡ್ಡಲಾಗಿ 1930ರ ದಶಕದಲ್ಲಿ ಕಟ್ಟುತ್ತಿದ್ದ ಫೋರ್ಟ್ ಪೆಕ್ ಅಣೆಕಟ್ಟು ಸುಮಾರು 76 ಮೀಟರ್ ಎತ್ತರದ ಮಣ್ಣಿನ ಕಟ್ಟೆ. 'ಲೈಫ್' ಪತ್ರಿಕೆಯ 1936ರ ಮೊದಲ ಸಂಚಿಕೆಯ ಮುಖಪುಟದಲ್ಲಿ ಇದೇ ಕಾಮಗಾರಿಯ ಚಿತ್ರವಿತ್ತು. ಕಟ್ಟಿದ ವಿಧಾನ ಹೀಗೆ: ನದಿಯ ತಳದ ಮರಳನ್ನು ಡ್ರೆಜರುಗಳಿಂದ ಎತ್ತಿ, ನೀರಿನೊಂದಿಗೆ ಪೈಪುಗಳಲ್ಲಿ ತಂದು ಕಟ್ಟೆಯ ಎರಡೂ ಅಂಚಿನಲ್ಲಿ ಸುರಿಯುವುದು. ದಪ್ಪ ಮರಳು ಅಂಚಿನಲ್ಲೇ ಕೂರುತ್ತದೆ, ನಯವಾದ ಮಣ್ಣು ನೀರಿನೊಂದಿಗೆ ನಡುವಿನ ಕೊಳಕ್ಕೆ ಹರಿದು ನೀರು ಸೋರದ ತಿರುಳಾಗುತ್ತದೆ. ಅಗ್ಗದ, ವೇಗದ ಕೆಲಸ. ಆದರೆ ನೀರಿನಲ್ಲಿ ಇಳಿದು ಕೂತ ಆ ಮರಳಿನ ಮೇಲೆ ಯಾವ ರೋಲರೂ ಓಡಿರಲಿಲ್ಲ, ಮೇಲೆ ಮಾತ್ರ ಹತ್ತಾರು ಮೀಟರ್ ಹೊಸ ಮರಳಿನ ಭಾರ ಏರುತ್ತಲೇ ಇತ್ತು.

1938ರ ಸೆಪ್ಟೆಂಬರ್ 22ರ ಮಧ್ಯಾಹ್ನ, ಕಟ್ಟೆ ಮುಗಿಯುವ ಹಂತದಲ್ಲಿದ್ದಾಗ, ನಡುವಿನ ಕೊಳದ ನೀರಿನ ಮಟ್ಟ ಇಳಿಯತೊಡಗಿತು. ಅದನ್ನು ಗಮನಿಸಿ ಎಂಜಿನಿಯರುಗಳು ನೋಡಲು ಬರುವಷ್ಟರಲ್ಲಿ ಜಲಾಶಯದ ಕಡೆಯ ಇಳಿಜಾರಿನ ಒಂದು ದೊಡ್ಡ ಭಾಗ ಕೆಲವೇ ನಿಮಿಷಗಳಲ್ಲಿ ಜಲಾಶಯದೊಳಗೆ ಜಾರಿತು. ಮೇಲಿದ್ದ ಕಾರ್ಮಿಕರು, ಯಂತ್ರಗಳು, ಪೈಪುಗಳು ಎಲ್ಲವನ್ನೂ ಅದು ಹೊತ್ತೊಯ್ದಿತು. ಎಂಟು ಮಂದಿ ಸತ್ತರು. ಜಾರಿದ ಮಣ್ಣು ಬುಡದಲ್ಲಿ ಗುಡ್ಡೆಯಾಗಿ ಕೂರದೆ ನೂರಾರು ಮೀಟರ್ ದೂರಕ್ಕೆ ಹರಡಿ ಹೆಚ್ಚುಕಡಿಮೆ ಚಪ್ಪಟೆಯಾಗಿ ನಿಂತಿತು.

ತಜ್ಞರ ಮಂಡಳಿಯ ಬಹುಮತ ತಳದ ದುರ್ಬಲ ಶೇಲ್ ಕಲ್ಲನ್ನು ಕಾರಣವೆಂದಿತು. ಕಾಸಗ್ರಾಂಡೆ ಮರಳಿನತ್ತ ಬೆರಳು ತೋರಿಸಿದರು. ನನಗೆ ಅನಿಸುವಂತೆ ಎರಡೂ ಸೇರಿವೆ: ಶೇಲ್ ಮೊದಲ ಜಾರುವಿಕೆಗೆ ದಾರಿ ಮಾಡಿಕೊಟ್ಟಿರಬಹುದು, ಆದರೆ ಅಷ್ಟು ವೇಗ, ಅಷ್ಟು ದೂರ, ಅಷ್ಟು ಚಪ್ಪಟೆ ಹರಡಿಕೆ ಬಂದದ್ದು ಕುಗ್ಗುವ ಮರಳಿನಿಂದ. ಹಿಗ್ಗುವ ಮರಳಾಗಿದ್ದರೆ ಸ್ವಲ್ಪ ಜರುಗಿದ ಮೇಲೆ ತಾನೇ ಬಿಗಿದುಕೊಂಡು ನಿಲ್ಲುತ್ತಿತ್ತು.

ಭೂಕಂಪದ ಅಲುಗಾಟವೂ ಇದೇ ಕೆಲಸ ಮಾಡಬಲ್ಲದು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಚ್ಛ್‌ನ ಚಾಂಗ್ ಅಣೆಕಟ್ಟು ತಳದ ಸಡಿಲ ಮಣ್ಣು ನೀರಾಗಿ ಕುಸಿದುಬಿತ್ತು. ಬರದಿಂದಾಗಿ ಅಲ್ಲಿನ ಜಲಾಶಯಗಳಲ್ಲಿ ಹೆಚ್ಚು ನೀರಿರಲಿಲ್ಲ, ಅದೇ ಕೆಳಗಿನ ಊರುಗಳನ್ನು ಉಳಿಸಿತು.

ನೆಲದಡಿಯ ಮರಳನ್ನು ಅದು ಕೂತ ಹಾಗೆಯೇ ಮೇಲೆ ತರುವುದು ಬಹಳ ಕಷ್ಟ, ತೆಗೆಯುವಾಗಲೇ ಅಲುಗಾಡಿಬಿಡುತ್ತದೆ. ಆದ್ದರಿಂದ ಸ್ಥಳದಲ್ಲೇ ಪರೀಕ್ಷೆ ಮಾಡುತ್ತಾರೆ. ಕೊಳವೆ ಕೊರೆದು, 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಮಾದರಿ ತೆಗೆಯುವ ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂದು ಎಣಿಸುತ್ತಾರೆ. ಹತ್ತಕ್ಕಿಂತ ಕಡಿಮೆ ಬಂದರೆ ಸಡಿಲ, ಮೂವತ್ತು ದಾಟಿದರೆ ಒತ್ತು ಎಂಬುದು ರೂಢಿಯ ಲೆಕ್ಕ. ಆದರೆ ಆಳಕ್ಕೆ ಹೋದಂತೆ ಮೇಲಿನ ಭಾರದಿಂದಲೇ ಪೆಟ್ಟುಗಳು ಹೆಚ್ಚುತ್ತವೆ, ಹಾಗಾಗಿ ಭಾರಕ್ಕೆ ತಕ್ಕಂತೆ ಸಂಖ್ಯೆಯನ್ನು ಸರಿಪಡಿಸಿಯೇ ಓದಬೇಕು. ಇದನ್ನು ಮರೆತರೆ ಕುಗ್ಗುವ ಮರಳು ಕಾಗದದ ಮೇಲೆ ಗಟ್ಟಿ ಮರಳಾಗಿ ಕಾಣುತ್ತದೆ. ಒತ್ತು ಮರಳಿನ 85ನ್ನು ನಂಬಿ ಕಟ್ಟುವುದೂ ಅಪಾಯ, ಏಕೆಂದರೆ ಸ್ವಲ್ಪ ಜರುಗಿದರೆ ಆ ಹೆಚ್ಚುವರಿ ಶಕ್ತಿ ಹೋಗಿಬಿಡುತ್ತದೆ. ಕೊನೆಗೂ ಉಳಿಯುವ 65ನ್ನು ಆಧಾರವಾಗಿ ಹಿಡಿಯುವುದು ಕ್ಷೇಮ.

ಫೋರ್ಟ್ ಪೆಕ್‌ನ ಜಾರಿದ ಭಾಗವನ್ನು ಇಳಿಜಾರು ಕಡಿಮೆ ಮಾಡಿ ಮತ್ತೆ ಕಟ್ಟಿದರು. 1940ರಲ್ಲಿ ಕೆಲಸ ಮುಗಿಯಿತು, ಅಣೆಕಟ್ಟು ಇಂದಿಗೂ ನಿಂತಿದೆ. ಸತ್ತ ಎಂಟು ಮಂದಿಯಲ್ಲಿ ಆರು ಮಂದಿಯ ದೇಹಗಳು ಸಿಗಲೇ ಇಲ್ಲ.