ಮಳೆಗಾಲಕ್ಕೊಂದು ಮನೆ ವ್ಯಾಯಾಮ: ಕುರ್ಚಿ, ಟವೆಲ್ ಮತ್ತು ಮಕ್ಕಳ ಶಾಲಾ ಬ್ಯಾಗು

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಬೆಳಗಿನ ನಡಿಗೆ ನಿಂತುಹೋಗುತ್ತದೆ. ಮೇಳಿಗೆಯಂಥ ಊರುಗಳಲ್ಲಿ ಅಂಗಳವೇ ಪಾಚಿ ಕಟ್ಟಿ ಜಾರುತ್ತದೆ. ಮೂರು ನಾಲ್ಕು ತಿಂಗಳು ಮನೆಯೊಳಗೆ ಕಳೆದ ಮೇಲೆ, ನೆಲದಲ್ಲಿ ಕುಳಿತವರು ಏಳಲು ಗೋಡೆ ಹುಡುಕುತ್ತಾರೆ. ಸಜ್ದಾದಿಂದ ಏಳುವಾಗ ಕೈಯೂರುವುದು ಅಭ್ಯಾಸವಾಗುತ್ತದೆ. ನಾವು ಇದನ್ನು ಮಂಡಿಯ ದೋಷವೆಂದುಕೊಳ್ಳುತ್ತೇವೆ. ಎಷ್ಟೋ ಸಲ ಸೋತಿರುವುದು ಮಂಡಿಯಲ್ಲ, ಅದನ್ನು ಎತ್ತುವ ತೊಡೆ ಮತ್ತು ಪೃಷ್ಠದ ಸ್ನಾಯುಗಳು.

“ದಿನವಿಡೀ ಮನೆಗೆಲಸ ಮಾಡುತ್ತೇನಲ್ಲ, ಅದು ಸಾಲದೆ?” ಎಂದು ನೀವು ಕೇಳಬಹುದು. ಕೆಲಸದಿಂದ ದಣಿವಾಗುವುದು ನಿಜ. ಆದರೆ ನೀವು ಎತ್ತುವ ಕೊಡ ಹತ್ತು ವರ್ಷದಿಂದ ಅದೇ ಕೊಡ. ಅಡಿಕೆ ಸುಲಿಯುವಾಗಲಂತೂ ಗಂಟೆಗಟ್ಟಲೆ ಕುಳಿತೇ ಇರುತ್ತೀರಿ. ಭಾರ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿದಾಗ ಮಾತ್ರ ಸ್ನಾಯು ಬಲಿಯುತ್ತದೆ. ಅಳತೆ ಮಾಡಿ ಭಾರ ಹೆಚ್ಚಿಸಲು ಮನೆಯಲ್ಲಿ ಸಿಗುವ ಸುಲಭ ಸಾಧನವೆಂದರೆ ಮಕ್ಕಳ ಶಾಲಾ ಬ್ಯಾಗು.

ಮೊದಲು ನಿಮ್ಮ ಬಲ ಅಳೆಯಿರಿ

ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿಡಿ. ಕೂರುವ ಜಾಗ ನೆಲದಿಂದ ಸುಮಾರು 43 ಸೆಂ.ಮೀ. ಎತ್ತರದಲ್ಲಿರಲಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲಬಲ್ಲಿರಿ ಎಂದು ಎಣಿಸಿ. 60ರಿಂದ 64 ವರ್ಷದ ಹೆಂಗಸರಿಗೆ 12ಕ್ಕಿಂತ, ಗಂಡಸರಿಗೆ 14ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಪರಿಗಣಿಸುತ್ತದೆ. ನೀವು ಇನ್ನೂ ನಲವತ್ತರ ಆಸುಪಾಸಿನವರಾಗಿದ್ದು ಅಷ್ಟು ಸಲ ಏಳಲಾಗದಿದ್ದರೆ ಈಗಲೇ ಎಚ್ಚರಗೊಳ್ಳಬೇಕು. ಬಂದ ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಸಿದ್ಧತೆ

ಮಳೆಗಾಲದಲ್ಲಿ ನಮ್ಮ ಕಡೆಯ ಕಾವಿ ನೆಲ, ಟೈಲ್ಸ್ ನೆಲ ಬೆವರುತ್ತವೆ. ಆದ್ದರಿಂದ ನೆಲ ಒರೆಸಿ, ಒಣಗಿದ ಮೇಲೆಯೇ ಆರಂಭಿಸಿ. ಪ್ಲಾಸ್ಟಿಕ್ ಕುರ್ಚಿಯ ಕಾಲು ಅಗಲಿಸಿ ಜಾರುವುದುಂಟು, ಮರದ ಕುರ್ಚಿಯೇ ಮೇಲು. ಉದ್ದನೆಯ ನೈಟಿ ಅಥವಾ ಲುಂಗಿ ಕಾಲಿಗೆ ತೊಡರುತ್ತದೆ, ಸಲ್ವಾರ್ ಅಥವಾ ಪೈಜಾಮ ತೊಡಿ.

ಬ್ಯಾಗಿಗೆ ಒಂದು ಲೀಟರಿನ ನೀರಿನ ಬಾಟಲಿಗಳನ್ನು ಹಾಕಿ. ಒಂದು ಬಾಟಲಿ ಎಂದರೆ ಒಂದು ಕಿಲೋ ಎಂದು ಲೆಕ್ಕ. ಒಳಗೆ ಅಲುಗಾಡದಂತೆ ಸುತ್ತ ಹಳೆ ಬಟ್ಟೆ ತುರುಕಿ. ಪಟ್ಟಿಯ ಹೊಲಿಗೆ ಬಿಟ್ಟಿದೆಯೇ ಎಂದು ಪ್ರತಿ ಸಲವೂ ಎಳೆದು ನೋಡಿ.

ಐದು ವ್ಯಾಯಾಮಗಳು

1. ಏಳು-ಕೂರು: ಇದು ಕುರ್ಚಿಯ ಮೇಲಿನ ಬಸ್ಕಿ. ಪಾದಗಳನ್ನು ಭುಜದಷ್ಟು ಅಗಲಿಸಿ, ಕೈ ಊರದೆ ಎದ್ದು ನಿಲ್ಲಿ. ಕೂರುವಾಗ ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ, ಧೊಪ್ಪೆಂದು ಕೂರಬೇಡಿ. ಮಂಡಿ ಒಳಕ್ಕೆ ವಾಲದೆ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಇದು ಸುಲಭವಾದ ಮೇಲೆ ಬ್ಯಾಗನ್ನು ಎದೆಗೆ ಅವುಚಿ ಹಿಡಿದು ಮಾಡಿ.

2. ಕುರ್ಚಿ ದಂಡ: ಗೋಡೆಗೆ ಒರಗಿಸಿದ ಕುರ್ಚಿಯ ಅಂಚಿಗೆ ಅಂಗೈ ಊರಿ, ಕಾಲು ಹಿಂದಕ್ಕಿಟ್ಟು ದೇಹವನ್ನು ಹಲಗೆಯಂತೆ ನೇರ ಮಾಡಿ. ಎದೆಯನ್ನು ಕುರ್ಚಿಯತ್ತ ಇಳಿಸಿ ಮೇಲೆ ತಳ್ಳಿ. ಸೊಂಟ ಜೋತುಬಿದ್ದರೆ ಇದು ನಿಮಗೆ ಇನ್ನೂ ಭಾರವೆಂದು ತಿಳಿಯಿರಿ. ಆಗ ಕೆಲವು ವಾರ ಗೋಡೆಗೆ ಕೈಯೂರಿ ಮಾಡಿ.

3. ಬ್ಯಾಗು ಎಳೆತ: ಬ್ಯಾಗಿನ ಮೇಲಿನ ಸಣ್ಣ ಹಿಡಿಕೆ ಬೆರಳು ಕೊಯ್ಯುತ್ತದೆ. ಅದರೊಳಗೆ ಟವೆಲ್ ತೂರಿಸಿ ಎರಡೂ ತುದಿಯನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಇದರಿಂದ ಮುಷ್ಟಿಗೂ ಬಲ ಬರುತ್ತದೆ. ಇನ್ನೊಂದು ಕೈಯನ್ನು ಕುರ್ಚಿಗೆ ಊರಿ, ಮುಂದಕ್ಕೆ ಬಾಗಿ, ಮೊಣಕೈಯನ್ನು ಪಕ್ಕೆಗೆ ಸವರಿದಂತೆ ಹಿಂದಕ್ಕೆ ಎಳೆಯಿರಿ. ಎರಡೂ ಕೈಗೆ ಸಮನಾಗಿ ಮಾಡಿ.

4. ಬಾಗಿ ಎತ್ತುವುದು: ಬ್ಯಾಗನ್ನು ಪಾದಗಳ ನಡುವೆ, ಕುರ್ಚಿಯ ಮೇಲೋ ನೆಲದ ಮೇಲೋ ಇಡಿ. ಮಂಡಿಯನ್ನು ತುಸು ಮಡಿಸಿ ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತಾ ಬಾಗಿ. ಬೆನ್ನು ರುಕೂವಿನಲ್ಲಿರುವಂತೆ ನೇರವಾಗಿರಲಿ. ಬಾಗಿದಾಗ ತೊಡೆಯ ಹಿಂಭಾಗ ಬಿಗಿದಂತೆ ಅನಿಸಬೇಕು. ಸೊಂಟ ಎಳೆದಂತಾದರೆ ಬೆನ್ನು ಗೂನಾಗಿದೆ ಎಂದರ್ಥ. ಆಗ ಭಾರ ಇಳಿಸಿ, ಬ್ಯಾಗನ್ನು ಕುರ್ಚಿಯ ಮೇಲಿಂದಲೇ ಎತ್ತಿ.

5. ಟವೆಲ್ ಜಾರಿಕೆ: ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ, ಎರಡೂ ಹಿಮ್ಮಡಿಯನ್ನು ಟವೆಲ್ ಮೇಲಿಡಿ. ಸೊಂಟವನ್ನು ಮೇಲೆತ್ತಿ, ಹಿಮ್ಮಡಿಯನ್ನು ನಿಧಾನವಾಗಿ ಮುಂದಕ್ಕೆ ಜಾರಿಸಿ, ಸೊಂಟ ಇಳಿಸಿ. ಕಾಲು ಮಡಿಸಿಕೊಂಡು ಮತ್ತೆ ಆರಂಭಿಸಿ. ಕಾಲಿನಲ್ಲಿ ಮೀನಖಂಡ ಹಿಡಿದುಕೊಂಡರೆ ನಿಲ್ಲಿಸಿ, ಆ ದಿನ ಸೊಂಟ ಎತ್ತಿ ಇಳಿಸುವುದಷ್ಟೇ ಸಾಕು.

ಎಷ್ಟು, ಯಾವಾಗ?

ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಡುವೆ ಒಂದು ದಿನವಾದರೂ ಬಿಡುವಿರಲಿ. ಪ್ರತಿ ವ್ಯಾಯಾಮವನ್ನು 8ರಿಂದ 12 ಸಲ ಮಾಡಿ, ಒಂದೆರಡು ನಿಮಿಷ ದಣಿವಾರಿಸಿಕೊಂಡು ಇನ್ನೊಂದು ಸುತ್ತು ಮಾಡಿ. ಅರ್ಧ ಗಂಟೆ ಸಾಕು, ಅಸರ್ ಮತ್ತು ಮಗ್ರಿಬ್ ನಡುವೆ ಮುಗಿದುಹೋಗುತ್ತದೆ. “ಇನ್ನೆರಡು ಸಲ ಆಗುತ್ತಿತ್ತು” ಎನ್ನುವಾಗಲೇ ನಿಲ್ಲಿಸಿ.

ಉದಾಹರಣೆಗೆ, 45 ವರ್ಷದ ಗೃಹಿಣಿಯೊಬ್ಬರನ್ನು ಭಾವಿಸಿಕೊಳ್ಳಿ. ಮೊದಲ ದಿನ ಏಳು-ಕೂರು 8 ಸಲ ಆಗುವಷ್ಟರಲ್ಲಿ ಅವರ ತೊಡೆ ನಡುಗುತ್ತದೆ. ಬ್ಯಾಗು ಹಿಡಿಯದೆ ಅವರು ಅಷ್ಟನ್ನೇ ಎರಡು ಸುತ್ತು ಮಾಡುತ್ತಾರೆ. ಎರಡು ಮೂರು ವಾರದಲ್ಲಿ ಸಂಖ್ಯೆ 12ಕ್ಕೆ ಏರುತ್ತದೆ. ಎರಡೂ ಸುತ್ತಿನಲ್ಲಿ 12 ಸಲ, ಬೆನ್ನುಬೆನ್ನಿಗೆ ಎರಡು ಸರದಿ ಆದ ಮೇಲೆ ಅವರು ಬ್ಯಾಗಿಗೆ ಎರಡು ಬಾಟಲಿ ಹಾಕುತ್ತಾರೆ. ಸಂಖ್ಯೆ ಮತ್ತೆ 8ಕ್ಕೆ ಇಳಿಯುತ್ತದೆ. ಇದು ಹಿನ್ನಡೆಯಲ್ಲ, ಹೀಗೇ ಆಗಬೇಕು. ಪುನಃ 12 ತಲುಪಿದಾಗ ಇನ್ನೊಂದು ಬಾಟಲಿ. ಯಾವ ವ್ಯಾಯಾಮ ಹಿಂದುಳಿದಿದೆಯೋ ಅದರಲ್ಲಿ ಅವಸರಿಸದೆ ಹಳೆಯ ಭಾರದಲ್ಲೇ ಉಳಿಯುತ್ತಾರೆ. ಮೊದಲ ವಾರಗಳ ಏರಿಕೆ ಹೆಚ್ಚಾಗಿ ನರಗಳು ಕೆಲಸ ಕಲಿತದ್ದರಿಂದ ಬರುತ್ತದೆ, ಸ್ನಾಯು ದಪ್ಪವಾಗಲು ಇನ್ನಷ್ಟು ವಾರ ಬೇಕು. ಹಾಗಾಗಿ ಕನ್ನಡಿ ನೋಡಿ ಬೇಸರಿಸದೆ, ತಿಂಗಳಿಗೊಮ್ಮೆ ಆ 30 ಸೆಕೆಂಡಿನ ಪರೀಕ್ಷೆ ಮಾಡಿ ಕ್ಯಾಲೆಂಡರಿನ ಸಂಖ್ಯೆಗೆ ಹೋಲಿಸಿ.

ಯಾವ ನೋವು ಸಹಜ, ಯಾವುದು ಅಲ್ಲ?

ಮರುದಿನವೋ ಅದರ ಮರುದಿನವೋ ಸ್ನಾಯುವಿನುದ್ದಕ್ಕೂ ಮಂದವಾಗಿ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೀಲಿನೊಳಗೆ ಚುಚ್ಚಿದಂತಾಗುವುದು, ಮಂಡಿ ಊದಿಕೊಳ್ಳುವುದು, ಸೊಂಟದಿಂದ ಕಾಲಿಗೆ ನೋವು ಹರಿಯುವುದು ಸಹಜವಲ್ಲ. ಎದೆ ಹಿಂಡಿದಂತಾದರೆ ಅಥವಾ ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ. ಎದೆನೋವು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ದಿಢೀರನೆ ಏರುತ್ತದೆ. ಆದ್ದರಿಂದ ಮೇಲೇಳುವಾಗ ಉಸಿರು ಬಿಡಿ, ಇಳಿಯುವಾಗ ತೆಗೆದುಕೊಳ್ಳಿ. ಹತೋಟಿಗೆ ಬಾರದ ಬಿಪಿ, ಹೃದ್ರೋಗ, ಹರ್ನಿಯಾ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ಸಕ್ಕರೆ ತೀರಾ ಇಳಿಯಬಹುದು. ಅಂಥವರು ಖಾಲಿ ಹೊಟ್ಟೆಯಲ್ಲಿ ಮಾಡಬೇಡಿ, ಬೆಲ್ಲವನ್ನೋ ಸಕ್ಕರೆಯನ್ನೋ ಹತ್ತಿರ ಇಟ್ಟುಕೊಳ್ಳಿ. ಉಪವಾಸದ ದಿನಗಳಲ್ಲಿ ಇಫ್ತಾರ್ ಆಗಿ ಒಂದೆರಡು ಗಂಟೆ ಕಳೆದ ಮೇಲೆ ಮಾಡುವುದು ಒಳ್ಳೆಯದು.

ಮನೆಯ ಹಿರಿಯರಿಗೆ ಬ್ಯಾಗಿನ ಅಗತ್ಯವಿಲ್ಲ. ಅಜ್ಜಿ ಕೈಯೂರಿಯೇ ಏಳುವುದಾದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿ ಎತ್ತರಿಸಿ, ಪಕ್ಕದಲ್ಲಿ ಒಬ್ಬರು ನಿಲ್ಲಿ. ಕೈಯಿಲ್ಲದೆ ಏಳಲು ಬಂದ ಮೇಲೆ ತೆಳು ದಿಂಬು, ಆಮೇಲೆ ಬರೀ ಕುರ್ಚಿ. ಅವರಿಗೆ ಆ ದಿಂಬೇ ಭಾರದ ಅಳತೆ.