ಬೇರೆ ಬೇರೆ ಶಾಖೆಗಳಿಗೆ ಒಂದೇ ತಕ್ಕಡಿ ಹೇಗೆ?

ಪ್ರಶ್ನೆ: ಮುಂಬೈನ ಪವಾಯಿಯಲ್ಲಿ ಹೀರಾನಂದಾನಿ ಬಡಾವಣೆಯ ಬ್ಯಾಂಕ್ ಶಾಖೆಗೆ ಸಾಲದ ಕೆಲಸ ಹೆಚ್ಚು, ಐಐಟಿ ಬಳಿಯ ಶಾಖೆಗೆ ವಿದ್ಯಾರ್ಥಿಗಳ ಖಾತೆಗಳೇ ಹೆಚ್ಚು ಎಂದುಕೊಳ್ಳೋಣ. ಇವನ್ನು ಹೋಲಿಸುವುದು ಹೇಗೆ?

ಉತ್ತರ: ಇದಕ್ಕೆಂದೇ ‘ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್’ ಎಂಬ ವಿಧಾನವಿದೆ. 1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಇದನ್ನು ರೂಪಿಸಿದರು. 1985ರಲ್ಲಿ ಶೆರ್ಮನ್ ಮತ್ತು ಗೋಲ್ಡ್ ಬ್ಯಾಂಕ್ ಶಾಖೆಗಳಿಗೆ ಅನ್ವಯಿಸಿದರು. ಒಂದು ಸಾಲ ಎಷ್ಟು ಖಾತೆಗಳಿಗೆ ಸಮವೆಂದು ಇಲ್ಲಿ ಯಾರೂ ಮೊದಲೇ ನಿಗದಿ ಮಾಡುವುದಿಲ್ಲ. ಪ್ರತಿ ಶಾಖೆಗೂ ಅದಕ್ಕೆ ಅತ್ಯಂತ ಅನುಕೂಲವಾದ ತೂಕವನ್ನೇ ಕೊಟ್ಟು ಲೆಕ್ಕ ಹಾಕಲಾಗುತ್ತದೆ.

ಮೂರು ಕಾಲ್ಪನಿಕ ಶಾಖೆಗಳನ್ನು ನೋಡೋಣ. ಪ್ರತಿಯೊಂದರಲ್ಲೂ 10 ಸಿಬ್ಬಂದಿ. ತಿಂಗಳಿಗೆ ‘ಅ’ ಶಾಖೆ 100 ಖಾತೆ ತೆರೆದು, 20 ಸಾಲ ಕೊಡುತ್ತದೆ. ‘ಬ’ 40 ಖಾತೆ, 50 ಸಾಲ. ‘ಕ’ 56 ಖಾತೆ, 28 ಸಾಲ. ಈಗ ‘ಅ’ ಮತ್ತು ‘ಬ’ಗಳಿಂದ ತಲಾ 4 ಸಿಬ್ಬಂದಿಯನ್ನು ಅದೇ ವೇಗದಲ್ಲಿ ದುಡಿಸಿದರೆ 40 ಮತ್ತು 16 ಸೇರಿ 56 ಖಾತೆ, 8 ಮತ್ತು 20 ಸೇರಿ 28 ಸಾಲ.

ಅಂದರೆ ‘ಕ’ದ ಕೆಲಸ 8 ಮಂದಿಯಿಂದಲೇ ಆಗುತ್ತದೆ! ಅತ್ಯಂತ ಅನುಕೂಲವಾದ ತೂಕ ಕೊಟ್ಟರೂ ಅದರ ದಕ್ಷತೆ ಶೇ. 80, ಉಳಿದೆರಡರದ್ದು ಶೇ. 100. ಯಾರನ್ನು ನೋಡಿ ಕಲಿಯಬೇಕೆಂಬುದೂ ‘ಕ’ಕ್ಕೆ ತಿಳಿಯಿತು.

ಆದರೆ ಶೇ. 100 ಎಂದರೆ ಗುಂಪಿನೊಳಗೆ ಉತ್ತಮ ಎಂದಷ್ಟೇ. ಶಾಖೆಗಳು ಕಡಿಮೆಯಿದ್ದು ಅಳತೆಗಳು ಹೆಚ್ಚಾದರೆ ಬಹುತೇಕ ಎಲ್ಲರಿಗೂ ಪೂರ್ಣ ಅಂಕ ಸಿಕ್ಕಿಬಿಡುತ್ತದೆ. ‘ಅ’ದ ಖಾತೆಗಳನ್ನು ತಪ್ಪಾಗಿ ಹೆಚ್ಚು ಬರೆದಿದ್ದರೆ, ಏನೂ ತಪ್ಪು ಮಾಡದ ‘ಕ’ದ ಅಂಕ ಇಳಿಯುತ್ತದೆ. ಹಾಗಾಗಿ ಮುಂಚೂಣಿಯ ಶಾಖೆಯನ್ನು ಒಮ್ಮೆ ಬಿಟ್ಟು ಮತ್ತೆ ಲೆಕ್ಕ ಹಾಕಿ, ಉಳಿದವುಗಳ ಅಂಕ ಎಷ್ಟು ಬದಲಾಗುತ್ತದೆ ಎಂದು ಪರೀಕ್ಷಿಸುತ್ತಾರೆ.